ನಾದಿನಿಯ ಕೆಲಸಕ್ಕೆ ಮಾವ ಕೇಳಿದ ಪ್ರಶ್ನೆಗಳು

ನಮ್ಮ ಮನೆಗೆ ಇಂಗ್ಲಿಷ್‌ನಲ್ಲಿ ಏನೇ ಬಂದರೂ ನನ್ನ ತಲೆಗೇ ಕಟ್ಟುತ್ತಾರೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುವ ಸೊಸೆಯಾದ ತಪ್ಪಿಗೆ ಗೊಬ್ಬರದ ಚೀಲದಿಂದ ಹಿಡಿದು ಬ್ಯಾಂಕಿನ ಮೆಸೇಜಿನವರೆಗೆ ಎಲ್ಲವನ್ನೂ ಓದಿ ಹೇಳಬೇಕು.

ನಾದಿನಿ ಹುಣಸೂರಿನಲ್ಲಿ ಕಾಫಿ ಬೀಜ ಹಸನು ಮಾಡುವ ಕ್ಯೂರಿಂಗ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಬೀಜದ ಗುಣಮಟ್ಟ ಪರೀಕ್ಷಿಸುವ ಲ್ಯಾಬು. ಒಂದು ಭಾನುವಾರ ಅವಳ ಫೋನಿಗೆ ರಿಕ್ರೂಟರ್ ಒಬ್ಬಳ ಮೆಸೇಜು ಬಂತು. ಕಂಪನಿಗಳಿಗೆ ಜನ ಹುಡುಕಿಕೊಡುವುದೇ ಆಕೆಯ ಉದ್ಯೋಗ. ಕೊಯಮತ್ತೂರಿನ ಹತ್ತಿರದ ಕಾಫಿಪುಡಿ ಕಾರ್ಖಾನೆಗೆ ಕ್ವಾಲಿಟಿ ವಿಭಾಗದ ಅಸಿಸ್ಟೆಂಟ್ ಮ್ಯಾನೇಜರ್ ಬೇಕಾಗಿದ್ದರು. ನಾದಿನಿಯ ಮನಸ್ಸು ಆಗಲೇ ಅಲ್ಲಿಗೆ ಹೋಗಿಬಿಟ್ಟಿತ್ತು. ಆದರೆ ಅಪ್ಪ ಹೂಂ ಅನ್ನದೆ ಹೊಸ್ತಿಲು ದಾಟುವವಳಲ್ಲ.

"ಅತ್ತಿಗೆ, ಅಪ್ಪಂಗೆ ನೀವೇ ಕನ್ನಡದಲ್ಲಿ ಯೋಳಿ. ಒಸಿ ಮೆತ್ತಗೆ ಯೋಳಿ" ಎಂದಳು.

ಮಾವ ಜಗಲಿಯ ಮೇಲೆ ಕೂತು ಪೂರ್ತಿ ಕೇಳಿದರು. ಸುತ್ತಲ ಹಳ್ಳಿಗಳಲ್ಲಿ ಹೆಣ್ಣು ಗಂಡು ಮಾತುಕತೆ ಎಂದರೆ ಮಾವನನ್ನು ಮುಂದೆ ಕೂರಿಸುತ್ತಾರೆ. ಅವರಿಗೆ ಗೊತ್ತಿದ್ದ ಮಾತುಕತೆ ಅದೊಂದೇ.

"ಈ ಮೆಸೇಜ್ ಕಳ್ಸಿದ ಎಣ್ಮಗಳಿಗೆ ಬ್ರೋಕರ್ ದುಡ್ಡು ಯಾರು ಕೊಡೋದು?"

"ಕಂಪನಿಯವರೇ ಕೊಡ್ತಾರೆ ಮಾವ."

"ಅಂಗಾದ್ರೆ ಅವ್ಳು ಗಂಡಿನ ಕಡೆಯವ್ಳು. ಉಸಾರಾಗಿರ್ಬೇಕು ಕಣವ್ವ."

ಸಂಬಳದ ಸಾಲಿಗೆ ಬಂದೆ. ಒಟ್ಟು ವರ್ಷಕ್ಕೆ ಏಳು ಲಕ್ಷ ಅರವತ್ತು ಸಾವಿರ. ಅದರಲ್ಲಿ ಕಂಪನಿ ಕಟ್ಟುವ ಪಿಎಫ್ ಕೂಡ ಸೇರಿದೆ, ಎಂಬತ್ತು ಸಾವಿರ ವೇರಿಯಬಲ್. ಅಂದರೆ ಕೆಲಸ ಚೆನ್ನಾಗಿ ನಡೆದರೆ ವರ್ಷದ ಕೊನೆಗೆ ಕೊಡುವುದು, ಇಲ್ಲದಿದ್ದರೆ ಇಲ್ಲ ಎಂದು ಬಿಡಿಸಿ ಹೇಳಿದೆ.

"ಮದ್ವೆ ಆಗ್ಲಿ, ಆಮೇಲೆ ಸರ ಮಾಡುಸ್ತೀವಿ ಅಂತಾರಲ್ಲ, ಅದು" ಎಂದರು ಮಾವ. "ಲೆಕ್ಕಕ್ಕೆ ತಗಾಬ್ಯಾಡ."

ಇದಕ್ಕಿಂತ ಚೆನ್ನಾಗಿ ನನಗೂ ವಿವರಿಸಲು ಬರುತ್ತಿರಲಿಲ್ಲ.

ಉತ್ತರ ಬರೆಯಲು ಕೂತಾಗ ನಿಜವಾದ ಪೀಕಲಾಟ ಶುರುವಾಯಿತು. ಮಾವ ಒಂದೊಂದೇ ಕೇಳುವುದು, ನಾನು ಅದಕ್ಕೆ ಇಂಗ್ಲಿಷಿನ ಕೋಟು ತೊಡಿಸುವುದು. "ಅತ್ತೆ ಎಂಗೆ?" ಎಂದರು. ಈ ಹುದ್ದೆ ಯಾರ ಕೈಕೆಳಗೆ ಬರುತ್ತದೆ ಎಂದು ವಿನಯದಿಂದ ಬರೆದೆ. "ಮನೇಲಿ ಎಷ್ಟು ಜನ?" ತಂಡದಲ್ಲಿ ಎಷ್ಟು ಮಂದಿ ಎಂದಾಯಿತು. "ಇದು ಎರಡ್ನೇ ಸಂಬಂಧನಾ? ಮೊದ್ಲಿದ್ದವ್ಳು ಯಾಕೆ ಬುಟ್ಟೋದ್ಲು?" ಹುದ್ದೆ ಹೊಸದೋ, ಯಾರಾದರೂ ಬಿಟ್ಟುಹೋದ ಜಾಗವೋ ಎಂದು ಕೇಳಿದೆ. ನಗು ತಡೆಯಲಾಗದೆ ನಾದಿನಿ ಸೆರಗಿಲ್ಲದ್ದಕ್ಕೆ ಚೂಡಿದಾರದ ವೇಲಿನಲ್ಲೇ ಬಾಯಿ ಮುಚ್ಚಿಕೊಂಡಳು. ಬರೆದದ್ದನ್ನು ಓದಿದರೆ ಮಾತ್ರ ಎಂಟತ್ತು ಕಂಪನಿ ಕಂಡ ಹೆಂಗಸು ಬರೆದಂತಿತ್ತು.

ಖಚಿತ ಸಂಬಳ ಏಳೂವರೆ ಲಕ್ಷವಾದರೆ ಸಂತೋಷದಿಂದ ಪರಿಗಣಿಸುತ್ತೇನೆ ಎಂದು ಬರೆದು ಕನ್ನಡದಲ್ಲಿ ಓದಿದೆ.

"ಸಂತೋಸ ಅನ್ನೋದ ತೆಗಿ. ಎಣ್ಣಿನ ಕಡೆಯವ್ರು ನಗ್ತಾ ಕೂತ್ರೆ ಮಾತು ಕೆಡ್ತದೆ."

ಸಂತೋಷ ತೆಗೆದೆ. ಉಳಿದುಕೊಳ್ಳಲು ವ್ಯವಸ್ಥೆ, ರಾತ್ರಿ ಪಾಳಿ ಇದೆಯೇ, ಈಗಿನ ಕೆಲಸ ಬಿಡಲು ಎರಡು ತಿಂಗಳ ನೋಟಿಸ್ ಕೊಡಬೇಕು ಎಂಬುದನ್ನೆಲ್ಲ ಸೇರಿಸಿ, ಒಪ್ಪಿದ್ದನ್ನು ಬರಹದಲ್ಲಿ ತಿಳಿಸಿ ಎಂದು ಮುಗಿಸಿ, ನಾದಿನಿಯ ಫೋನಿನಿಂದಲೇ ರವಾನಿಸಿದೆ. ಇಷ್ಟಾದರೂ ಮಾವ ಮಗಳನ್ನು ಕೆಲಸಕ್ಕೆ ಕಳಿಸುತ್ತೇನೆ ಎಂದಿರಲಿಲ್ಲ. "ಕೇಳೋಕೇನು ಕಾಸಾ" ಎಂದಷ್ಟೇ ಅಂದರು. ನಾದಿನಿಯ ಮುಖ ಬಾಡಿತು. ನನಗೂ ಸಿಟ್ಟು ಬಂತು.

ಮರುದಿನ ಕಾರ್ಖಾನೆಯ ಮ್ಯಾನೇಜರು ಫೋನಿನಲ್ಲೇ ನಾದಿನಿಯ ಸಂದರ್ಶನ ಮುಗಿಸಿದರು. ಎರಡು ದಿನ ಬಿಟ್ಟು, ಹೇಳಿದ ಹೊತ್ತಿಗೆ ರಿಕ್ರೂಟರ್ ಫೋನು ಮಾಡಿದಳು. ಮಾವ ಬಿಳಿ ಪಂಚೆ ಉಟ್ಟು, ಹೆಗಲಿಗೆ ಟವೆಲ್ ಹಾಕಿ, ಸ್ಪೀಕರಿಗೆ ಹಾಕಿದ ಫೋನಿನ ಎದುರು ಕೂತರು. ಆಕೆಯ ಇಂಗ್ಲಿಷನ್ನು ನಾನು ಕನ್ನಡಕ್ಕೆ ತಿರುಗಿಸುತ್ತಾ ಹೋದೆ. ಖಚಿತ ಸಂಬಳ ಏಳು ಲಕ್ಷ ಇಪ್ಪತ್ತು ಸಾವಿರ, ಮೊದಲ ತಿಂಗಳು ಗೆಸ್ಟ್ ಹೌಸು, ರಾತ್ರಿ ಪಾಳಿ ಇಲ್ಲ, ಎರಡು ತಿಂಗಳು ಕಾಯುತ್ತಾರೆ. ಎಲ್ಲವೂ ಇವತ್ತೇ ಇಮೇಲಿನಲ್ಲಿ ಬರುತ್ತದೆ. ಇಷ್ಟು ಪ್ರಶ್ನೆ ಕೇಳಿದವರು ಇವರೊಬ್ಬರೇ, ಮ್ಯಾನೇಜರಿಗೆ ಬಹಳ ಹಿಡಿಸಿತು ಎಂದೂ ಹೇಳಿದಳು. ಹಾಗಾದರೆ ಒಪ್ಪಿಗೆ ಎಂದುಕೊಳ್ಳಲೇ ಎಂದಳು.

ಎಲ್ಲರೂ ಮಾವನ ಮುಖ ನೋಡಿದೆವು. ಅವರು ಮಗಳ ಕಡೆ ನೋಡದೆ ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದರು, "ಅಲ್ಲಿ ಇವ್ಳಿಗೆ ಇಡುಸ್ದಿದ್ರೆ ವಾಪಸ್ ಬರ್ಬೋದಾ ಅಂತ ಒಂದ್ ಮಾತ್ ಕೇಳವ್ವ."

ಪ್ರೊಬೇಷನ್ ಅವಧಿಯಲ್ಲಿ ಬಿಡಬೇಕೆಂದರೆ ನೋಟಿಸ್ ಎಷ್ಟು ದಿನ ಎಂದು ಕೇಳಿದೆ. ಮೂವತ್ತು ದಿನ ಎಂದಳು ಆಕೆ.

"ಒಂದು ತಿಂಗಳು ಮುಂಚೆ ಹೇಳಿದರೆ ಸಾಕಂತೆ ಮಾವ. ಯಾರೂ ಏನೂ ಅನ್ನೋ ಹಾಗಿಲ್ಲ."

"ಅಂಗಾದ್ರೆ ಓಗ್ಲಿ" ಎಂದರು ಮಾವ. ನಾದಿನಿ ಅತ್ತೇಬಿಟ್ಟಳು.

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಅವರೆಕಾಯಿಯ ಮೊರ ಹಿಡಿದು ನಿಂತಿದ್ದರು. ಅಷ್ಟು ದಿನವೂ ಬಾಯಿ ಬಿಟ್ಟಿರಲಿಲ್ಲ.

"ನನ್ನ ಈ ಮನೆಗೆ ಕೊಡೋವಾಗ," ಎಂದರು, "ನಮ್ಮಪ್ಪ ಇದೊಂದ ಕೇಳ್ಬೇಕಿತ್ತು."