ಕೇಳದೆ ಕೊಟ್ಟ ನಂಬರು

ನಮ್ಮ ಮಾವ ನನ್ನ ಅಂಗಡಿ ಮುಂದೆ ನಿಂತ್ಕೊಂಡು, ಔಷಧಿಗೆ ಬಂದಿದ್ದ ಐದಾರು ಜನರ ಎದುರಿಗೇ, "ಮನೆಗೆ ಮಾರಿ, ಊರಿಗೆ ಉಪಕಾರಿ ಕಣೇ ನೀನು!" ಅಂತ ಉಗಿದಾಗ, ನಾನು ತಪ್ಪು ಮಾಡಿದೀನಿ ಅಂತ ನನಗೆ ಅನ್ನಿಸಲೇ ಇಲ್ಲ. ಒಳ್ಳೇದು ಮಾಡಕ್ಕೆ ಹೋದ್ರೆ ಮುದುಕಂಗೆ ತಲೆ ಕೆಟ್ಟೈತೆ ಅಂತ ಮೈಯೆಲ್ಲ ಉರಿದೋಯ್ತು.

ನಂದು ಸೇಲಂ ಸೀಮೆಯ ಕೊಳತ್ತೂರು ರೋಡಿನಲ್ಲಿ ಕುರಿ, ಮೇಕೆ ಔಷಧಿ ಅಂಗಡಿ. ಜಂತಿನ ಔಷಧಿ, ಜ್ವರದ ಔಷಧಿ, ಗಾಯಕ್ಕೆ ಹಚ್ಚೋ ಎಣ್ಣೆ, ಇವೇ ಸಾಮಾನು. ಈ ಕಡೆ ಕುರಿ ಸಾಕೋರೆಲ್ಲ ನನಗೆ ಗೊತ್ತು, ಕುರಿ ಕೊಳ್ಳೋರೂ ಗೊತ್ತು. ಯಾರಿಗೆ ಯಾರು ಬೇಕು ಅಂದ್ರೂ ನನ್ನನ್ನೇ ಕೇಳೋರು. ಅದೇ ನನಗೊಂದು ಕೊಬ್ಬು.

ಮಾವ ಅಂದ್ರೆ ನಮ್ಮವ್ವನ ತಮ್ಮ. ಪಾಲಮಲೆ ಬುಡದಲ್ಲಿ ಕುರಿ ಮೇಯಿಸ್ಕೊಂಡು ಒಬ್ಬರೇ ಇದ್ದರು. ಅತ್ತೆ ತೀರ್ಕೊಂಡಿದ್ರು, ಮಕ್ಕಳಾಗ್ಲಿಲ್ಲ, ಮಗಳು ಅಂದ್ರೂ ನಾನೇ, ಸೊಸೆ ಅಂದ್ರೂ ನಾನೇ. ಅವರ ಮಂದೆಯ ಟಗರುಗಳು ತಾತನ ಕಾಲದಿಂದ ಕಾಪಾಡ್ಕೊಂಡು ಬಂದ ತಳಿ. ಮೈ ಕೆಂದು ಬಣ್ಣ, ಕೂದಲು ಗಿಡ್ಡ, ಎದೆ ಅಗಲ. ಹೋದ ವರ್ಷ ಅವರ ಮಂಡಿ ಕೆಟ್ಟೋಯ್ತು. ಆಪರೇಶನ್ ಮಾಡ್ಲೇಬೇಕು ಅಂತ ಡಾಕ್ಟರು ಅಂದ್ರು. ಮಾವನಿಗೆ ಮಂಡಿ ಚಿಂತೆ ಇಲ್ಲ. "ನಾನು ಮಲಗೋಕೆ ಮುಂಚೆ ಈ ದೊಡ್ಡ ಟಗರು ಎರಡನ್ನ ತಳಿ ಸಾಕೋನ ಕೈಗೆ ಸೇರಿಸ್ಬೇಕು, ಕತ್ತಿಗೆ ಮಾತ್ರ ಓಗಬಾರ್ದು ಕಣಮ್ಮಿ" ಅಂತ ನನ್ನ ಹತ್ರ ಒಂದು ಸಲ ಅಂದಿದ್ರು. ಅಷ್ಟೇ ಅಂದಿದ್ದು. ಯಾರನ್ನಾದ್ರೂ ಹುಡುಕು ಅಂತ ಹೇಳಿರಲಿಲ್ಲ.

ಆಗ ನಲ್ಲಂಪಳ್ಳಿ ಕಡೆಯಿಂದ ಒಬ್ಬ ಆಸಾಮಿ ಬಂದ. ಮಗ್ಗ ಮಾರಿ ಕುರಿ ಫಾರಂ ಇಟ್ಟಿದ್ದ. ಅಪ್ಪ, ಅಮ್ಮ ನಮ್ಮ ಮಾತೇ ಆಡೋರು, ಆದ್ರೆ ಆಯಪ್ಪನ ಬಾಯಲ್ಲಿ ತಮಿಳೇ ಮುಂದೆ. "ಒಳ್ಳೆ ಕಿಡಾ ಬೇಕಮ್ಮ, ತಳಿಗೆ" ಅಂದ. ಕಿಡಾ ಅಂದ್ರೆ ಟಗರು. ನಾನು ಕುಂತಲ್ಲೇ ಫೋನ್ ತೆಗೆದೆ. ಮಾವನ ನಂಬರು ಕಳಿಸಿದೆ, ಜೊತೆಗೆ ಮಾವ ಕುರಿ ಕೂಡೋ ರೊಪ್ಪದ ಫೋಟೋ ಒಂದು. ಅದರ ಕೆಳಗೆ ಬರೆದೆ: ನಮ್ಮ ಮಾವ, ನೂರಾ ನಲವತ್ತು ಕುರಿ ಐತೆ, ಕಾಲು ಹೋಗೈತೆ, ಮೇಯಿಸಕ್ಕಾಗ್ತಿಲ್ಲ, ಮಾರ್ತಾರೆ, ಹೋಗಿ ನೋಡಿ. ಎರಡು ನಿಮಿಷದ ಕೆಲಸ. ಅವತ್ತು ಮಧ್ಯಾಹ್ನ ಊಟ ಚೆನ್ನಾಗಿ ಸೇರ್ತು.

ಮಾವನಿಗೆ ಒಂದು ಮಾತು ಹೇಳಲಿಲ್ಲ. ಯಾಕೆ ಹೇಳ್ಬೇಕು, ನಮ್ಮ ಮಾವ ತಾನೆ?

ಕುರಿ ಸಾಕೋ ನಮ್ಮ ಮಂದಿಯಲ್ಲಿ ಎಷ್ಟು ಕುರಿ ಅಂತ ಯಾರೂ ಬಾಯಿ ಬಿಡಲ್ಲ. ಕೇಳಿದ್ರೆ "ಅವೆ ಒಂದಷ್ಟು" ಅಂತಾರೆ. ಬೆರಳು ತೋರಿಸಿ ಎಣಿಸಿದ್ರೆ ಮಂದೆಗೆ ಕಣ್ಣು ತಾಗ್ತದೆ ಅಂತ ನಂಬಿಕೆ. ನಾನು ಅದೇ ಮನೆಯಲ್ಲಿ ಹುಟ್ಟಿ ಬೆಳೆದೋಳು, ನನಗಿದು ಗೊತ್ತಿಲ್ವಾ? ಗೊತ್ತಿತ್ತು. ಔಷಧಿ ಅಳತೆಗೆ ಅಂತ ಮಾವ ನನಗೊಬ್ಬಳಿಗೆ ಲೆಕ್ಕ ಹೇಳಿದ್ರು. ಅದನ್ನೇ ತೆಗೆದು ಹಾಕಿದೆ.

ಆ ಆಸಾಮಿ ಒಬ್ಬನೇ ಹೋಗಲಿಲ್ಲ, ಸಂತೆಯ ಬ್ರೋಕರ್ ಒಬ್ಬನನ್ನ ಕರ್ಕೊಂಡು ಹೋದ. ಬ್ರೋಕರ್ ರೊಪ್ಪದ ಬಾಗಿಲಲ್ಲಿ ನಿಂತು ಬೆರಳು ಮಾಡಿ ಎಣಿಸಿದ್ದಾನೆ. "ನೂರಾ ನಲವತ್ತು ಅಂದ್ರು, ಕಮ್ಮಿ ಕಾಣ್ತದಲ್ಲ ಯಜಮಾನ್ರೇ" ಅಂದಿದ್ದಾನೆ. ಆಮೇಲೆ, "ಕಾಲು ಹೋದ್ಮೇಲೆ ಏನ್ಮಾಡ್ತೀರಿ, ಎಲ್ಲಾನೂ ಒಟ್ಟಿಗೆ ತೂಕಕ್ಕೆ ಹಾಕಿಬಿಡಿ" ಅಂತ. ಮಾವ ಕೋಲು ಎತ್ಕೊಂಡು ಇಬ್ಬರನ್ನೂ ರಸ್ತೆವರೆಗೆ ಓಡಿಸಿದ್ರಂತೆ, ಆ ಕೆಟ್ಟ ಮಂಡೀಲೇ. ಅಲ್ಲಿಂದ ಬಸ್ಸು ಹತ್ತಿ ನೇರ ನನ್ನ ಅಂಗಡಿಗೆ ಬಂದರು.

"ನನ್ ಕಾಲು ನಿನ್ ಫೋನಿಗ್ಯಾಕೆ ಬೇಕಿತ್ತೇ? ನನ್ ಕುರಿ ಲೆಕ್ಕ ನಾನು ಕಟ್ಕೊಂಡೋಳಿಗೂ ಹೇಳಿರ್ಲಿಲ್ಲ. ನಿಂಗೇಳಿದೆ ನೋಡು!"

"ಟಗರಿಗೆ ದಾರಿ ಮಾಡ್ಬೇಕು ಅಂದೋರು ಯಾರು ಮಾವ? ನಾನಾ?" ಅಂತ ನಾನೂ ಗಂಟಲು ಏರಿಸಿದೆ.

"ಕೇಳ್ದೇನೇ ನಾನು ನಿನ್ನ?" ಅಂದ್ರು. ಅಂದು ಹೊರಟೇ ಹೋದರು. ಅಂಗಡಿಯಲ್ಲಿದ್ದೋರೆಲ್ಲ ನನ್ನ ಮುಖ ನೋಡಿದ್ರು. ಯಾರಿಗೇನು ಬೇಕು ಹೇಳ್ರಪ್ಪ, ಇಲ್ಲಾಂದ್ರೆ ನಡೀರಿ ಅಂದೆ.

ಬ್ರೋಕರ್ ಸುಮ್ಮನಿರ್ತಾನಾ? ಮುದುಕ ಮುಗೀತು, ಮಂದೆ ಪೂರಾ ಬರ್ತದೆ ಅಂತ ಸಂತೆಯೆಲ್ಲ ಸಾರಿಬಿಟ್ಟ. ಆಮೇಲೆ ದಿನಾ ಒಬ್ಬೊಬ್ಬ ಮಾವನ ರೊಪ್ಪದ ಮುಂದೆ. ಎಲ್ಲರೂ ಕತ್ತಿ ಕಡೆಯೋರೇ. ಆಪರೇಶನ್ ಹತ್ರ ಬರ್ತಾ ಇತ್ತು, ಟಗರು ಹಂಗೇ ನಿಂತಿದ್ವು.

ನಾನು ನಲ್ಲಂಪಳ್ಳಿಯವನಿಗೆ ಫೋನ್ ಹಾಕಿ ಬಾಯಿಗೆ ಬಂದಂಗೆ ಬೈದೆ. ಆಯಪ್ಪ ಪೂರ್ತಿ ಕೇಳಿಸ್ಕೊಂಡು, ಆಮೇಲೆ ಗಟ್ಟಿಯಾಗೇ ಹೇಳಿದ: "ಎನ್ನಮ್ಮಾ ನೀವು, ನಿಮ್ಮ ಮೆಸೇಜ್ ನೀವೇ ಓದಿ. ಮಾರ್ತಾರೆ ಅಂತ ಬರ್ದೋರು ನೀವು. ತಳಿಗೆ ಮಾತ್ರ ಅಂತ ಎಲ್ಲಿ ಬರ್ದಿದೀರಿ? ಬ್ರೋಕರ್ ಬೇಡ ಅಂತ ಎಲ್ಲಿ ಹೇಳಿದೀರಿ? ಅವರಿಗೆ ನಾನು ಬರೋ ವಿಷಯಾನೇ ಗೊತ್ತಿಲ್ಲ. ಕೋಲಲ್ಲಿ ಏಟು ತಿಂದೋನು ನಾನು. ನನ್ನನ್ನೂ ಕೇಳ್ದೆ ಕಳಿಸಿದ್ರಿ."

ಫೋನ್ ಕಟ್ ಮಾಡಿ ಆ ಮೆಸೇಜ್ ಓದಿದೆ. ಒಂದು ಸಲ ಅಲ್ಲ, ನಾಕೈದು ಸಲ. ಹೇಳಬಾರದ್ದೆಲ್ಲ ಅದರಲ್ಲಿತ್ತು. ಹೇಳಬೇಕಾದ್ದು, ಎರಡು ಟಗರು, ತಳಿಗೆ ಮಾತ್ರ ಅನ್ನೋದು, ಅದೊಂದೇ ಇರಲಿಲ್ಲ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತ ನಮ್ಮವ್ವ ಹೇಳ್ತಿದ್ದಳು. ನನಗೆ ನಾಚಿಕೆ ಆಯ್ತು. ನಾಚಿಕೆಗಿಂತ ಜಾಸ್ತಿ ಭಯ ಆಯ್ತು, ಆ ಟಗರು ನನ್ನಿಂದ ಕಸಾಯಿಗೆ ಹೋಗ್ತವೆ ಅಂತ.

ಮಾರನೆ ದಿನ ರೊಪ್ಪಕ್ಕೆ ಹೋದೆ. ಮಾವ ತಿರುಗಿ ನೋಡಲಿಲ್ಲ, ಬೇವಿನ ಸೊಪ್ಪು ಕಟ್ತಾ ಇದ್ದರು.

"ಮಾವ, ಆ ಮನುಷ್ಯಂಗೆ ಇನ್ನೊಂದು ಸಲ ನಿಮ್ಮ ವಿಷಯ ಹೇಳ್ಲಾ, ಬೇಡ್ವಾ? ಬೇಡ ಅಂದ್ರೆ ಇಲ್ಲಿಗೇ ಬಿಟ್ಟೆ. ಹೇಳು ಅಂದ್ರೆ, ಏನು ಹೇಳ್ಬೇಕು, ಏನು ಹೇಳ್ಬಾರ್ದು, ನೀವೇ ಹೇಳಿ."

ಕೈಲಿದ್ದ ಕಟ್ಟು ಬಿಗಿದ್ರು. ಕೊನೆಗೆ ಸೊಪ್ಪಿಗೇ ಹೇಳಿದಂಗೆ ಅಂದ್ರು: "ಎಲ್ಡು ಟಗರು. ತಳಿಗೆ. ಅವನ್ಗ್ಯಾಕೆ ಬೇಕು ಅಂತ ಮೊದ್ಲು ನಂಗೆ ಗೊತ್ತಾಗ್ಬೇಕು. ನನ್ ಕಾಲಿನ ಮಾತು ಬೇಡ, ಲೆಕ್ಕ ಬೇಡ, ನಂಗೆ ಫೋನ್ ಮಾಡೋದೂ ಬೇಡ. ಒಬ್ನೇ ಬರ್ಲಿ. ಬ್ರೋಕರ್ ಬಂದ್ರೆ ನಾಯಿ ಬಿಡ್ತೀನಿ."

ಅಷ್ಟನ್ನೇ, ಒಂದು ಮಾತು ಸೇರಿಸ್ದೆ, ನಲ್ಲಂಪಳ್ಳಿಯವನಿಗೆ ಹೇಳಿದೆ. ಆಮೇಲೆ ಕೇಳಿದೆ: "ನಿಮಗೆ ಯಾಕೆ ಬೇಕು ಅಂತ ಅವರು ಕೇಳ್ತಾರೆ. ನಾನು ಹೇಳ್ಬೋದಾ, ಏನು ಹೇಳ್ಬೋದು?" ಆಯಪ್ಪನ ದನಿ ಇಳೀತು. ಮೂರು ಸುತ್ತು ಒಂದೇ ಟಗರು ಬಿಟ್ಟಿದ್ದನಂತೆ, ಅದಕ್ಕೆ ಹುಟ್ಟಿದ ಹೆಣ್ಣುಮರಿಗಳ ಮೇಲೇ ಅದನ್ನ. ಮರಿಗಳು ಕುಗ್ಗಿ ಹುಟ್ಟಿ, ನಿಲ್ಲದೆ ಸತ್ತಿದ್ವು. ಎಷ್ಟು ಅಂತಾನೂ ಹೇಳಿದ. ಹೇಳಿ, "ತಳಿ ಕೆಟ್ಟಿದ್ದು ಹೇಳಿ. ಸತ್ತದ್ದು ಎಷ್ಟು ಅಂತ ಮಾತ್ರ ಹೇಳ್ಬೇಡಿಮ್ಮಾ" ಅಂದ. ಸರಿ ಅಂದೆ. ಮಾವನಿಗೆ ಹೋಗಿ ತಳಿ ಕೆಟ್ಟ ಕತೆ ಹೇಳಿದೆ. ಬರ್ಲಿ ಅಂದ್ರು. ದಿನ ಗೊತ್ತು ಮಾಡಿದ್ವಿ.

ಅವತ್ತು ಇಬ್ಬರೂ ರೊಪ್ಪದ ಮುಂದಿನ ಹುಣಸೆ ಮರದ ಕೆಳಗೆ ಮುಖ ಗಂಟು ಹಾಕ್ಕೊಂಡು ನಿಂತಿದ್ರು. ನಾನು ನಡುವೆ ನಿಂತು ಹೇಳಿದೆ. "ಮಾವ, ಇವರು ನಲ್ಲಂಪಳ್ಳಿಯವರು. ಇವರ ಮಂದೇಲಿ ಒಂದೇ ರಕ್ತ ಆಗೋಗೈತೆ, ಹೊಸ ತಳಿ ಟಗರು ಬೇಕು. ಸಾರ್, ಇವರು ನಮ್ಮ ಮಾವ. ಎರಡು ಟಗರು ತಳಿಗೆ ಮಾತ್ರ ಕೊಡ್ತಾರೆ, ಕತ್ತಿಗೆ ಕೊಡಲ್ಲ. ನೀವಿಬ್ರೂ ಮಾತಾಡಕ್ಕೆ ಒಪ್ಪಿದ್ದು ಇದೊಂದು ವಿಷಯಕ್ಕೆ. ಇನ್ನು ನೀವಾಯ್ತು, ಅವರಾಯ್ತು." ಹೇಳಿ ದೂರ ಹೋಗಿ ಕಲ್ಲಿನ ಮೇಲೆ ಕುಂತೆ.

ಮಾವ ನನ್ನನ್ನೇ ಕೂಗಿದ್ರು. "ಎಷ್ಟು ಮರಿ ಸತ್ವೇ ಇವಂದು? ನಿಂಗೊತ್ತಿರ್ತದಲ್ಲ, ಬೊಗಳು."

"ಅವರನ್ನೇ ಕೇಳಿ ಮಾವ" ಅಂದೆ. ಮಾವ ಕಣ್ಣಲ್ಲೇ ಸುಟ್ಟರು. ನಲ್ಲಂಪಳ್ಳಿಯವನು ತಲೆ ತಗ್ಗಿಸಿ ನಿಂತಿದ್ದ. ಆಮೇಲೆ ತಾನೇ ಮಾವನ ಹತ್ರ ಹೋಗಿ ಮೆಲ್ಲಗೆ ಏನೋ ಹೇಳಿದ. ಮಾವ ಅವನ ಮುಖ ಒಂದು ಗಳಿಗೆ ನೋಡಿ, ರೊಪ್ಪದ ಬಾಗಿಲು ತೆಗೆದರು. ಇಬ್ಬರೂ ಒಳಗೆ ಹೋದ್ರು. ಮೂರು ಗಂಟೆ ಈಚೆಗೆ ಬರಲಿಲ್ಲ. ನನಗೆ ನೀರು ಬೇಕಾ ಅಂತಾನೂ ಕೇಳಲಿಲ್ಲ.

ಟಗರು ಎರಡೂ ನಲ್ಲಂಪಳ್ಳಿಗೆ ಹೋದ್ವು, ಅವುಗಳ ಮರಿ ಹುಟ್ಟೋವರೆಗೂ ಮಲಗಲ್ಲ ಅಂತ ಮಾವ ಆಪರೇಶನ್ ಮುಂದಕ್ಕೆ ಹಾಕಿದ್ರಂತೆ. ಮೊದಲ ಮರಿಗಳು ಗಟ್ಟಿಯಾಗಿ ಎದ್ದು ನಿಂತ ದಿನ ಆಯಪ್ಪ ಮಾವನಿಗೆ ಫೋನ್ ಮಾಡಿದ್ದನಂತೆ. ನಾನು ಕೇಳ್ದೆ ಕೊಟ್ಟಿದ್ದ ನಂಬರನ್ನ ಈಗ ಮಾವನೇ ಅವನಿಗೆ ಕೊಟ್ಟಿದ್ದಾರೆ, ವಾರಕ್ಕೆರಡು ಸಲ ಮಾತು. ನನ್ನ ಜೊತೆ ಮಾವ ಮಾತು ಬಿಟ್ಟರು. ನಾನು ಹೋದ್ರೆ ಎದ್ದು ಕುರಿ ಕಡೆ ಹೋಗೋರು. ಔಷಧೀನೂ ಬೇರೆ ಅಂಗಡಿಯಲ್ಲಿ ತಗೊಂಡರು. ಎರಡನೇ ಸಲ ಎಲ್ಲಾ ಸರಿಯಾಗಿ ಮಾಡಿದ್ನಲ್ಲ, ಇನ್ನೇನು ಬೇಕು ಇವರಿಗೆ ಅಂತ ನನಗೂ ಸಿಟ್ಟು.

ಹೋದ ತಿಂಗಳು ತಡೀಲಾರದೆ ರೊಪ್ಪಕ್ಕೆ ಹೋದೆ. ಮಾವ ಇರಲಿಲ್ಲ. ಪಕ್ಕದ ಹೊಲದ ಹೆಂಗಸು ಕುರಿ ಹೊಡ್ಕೊಂಡು ನಿಂತಿದ್ದಳು. "ಕಾಲು ಆಪರೇಶನ್‌ಗೋದ್ರಲ್ಲಕ್ಕ, ಮೂರು ದಿನ ಆಯ್ತು. ಆ ನಲ್ಲಂಪಳ್ಳಿಯವರೇ ಬಂದು ಕಾರಲ್ಲಿ ಕರ್ಕೊಂಡೋದ್ರು. ಸೇಲಮ್ಮೋ, ಧರ್ಮಪುರಿಯೋ, ನಂಗೊತ್ತಿಲ್ಲ. ನಿಂಗೇಳಿಲ್ವಾ?"

ಮಾವನ ಫೋನು ಆಫ್. ನಲ್ಲಂಪಳ್ಳಿಯವನಿಗೆ ಮಾಡಿದೆ. "ಯಾವ ಆಸ್ಪತ್ರೆ ಸಾರ್? ಹೇಗಿದಾರೆ?"

"ಚೆನ್ನಾಗಿದಾರಮ್ಮ. ಆದ್ರೆ ಎಲ್ಲಿ ಅಂತ..." ಆಯಪ್ಪ ತಡವರಿಸಿದ. ದನಿಯಲ್ಲಿ ಕುಹಕ ಇರಲಿಲ್ಲ. ಇದ್ದಿದ್ರೆ ಚೆನ್ನಾಗಿತ್ತು, ಬೈಬಹುದಿತ್ತು. "ಅವರನ್ನ ಒಂದು ಮಾತು ಕೇಳಿ ಹೇಳ್ತೀನಿ. ತಪ್ಪು ತಿಳ್ಕೋಬೇಡಿ."

ಅಂಗಡಿಗೆ ವಾಪಸ್ ಬಂದು ಫೋನ್ ಮುಂದೆ ಇಟ್ಕೊಂಡು ಕುಂತೆ. ಅರ್ಧ ಗಂಟೆ ಬಿಟ್ಟು ಫೋನ್ ಬಂತು.

"ಕೇಳ್ದೆಮ್ಮಾ" ಅಂದ. "ಬೇಡ ಅಂದ್ರು."