ಹನ್ನೆರಡು ಇಂಚಿನ ತಗಡಿನ ಕೊಳವೆ

ನೋಯ್ಡಾದ ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಮೈಕ್ರೋವೇವ್ ಪಾಠ ಮಾಡುತ್ತೇನೆ. ವೇವ್‌ಗೈಡ್ ಎಂದರೆ ತರಂಗಗಳನ್ನು ಸಾಗಿಸುವ ಟೊಳ್ಳು ಲೋಹದ ಕೊಳವೆ. ನಮ್ಮ ಲ್ಯಾಬಿನದು ಎರಡು ಬೆರಳಿನಷ್ಟೇ ಅಗಲ. ಅದರೊಳಗೆ ಏನು ನಡೆಯುತ್ತದೆಂದು ಹುಡುಗರು ನನ್ನ ಮಾತನ್ನೇ ನಂಬಬೇಕಿತ್ತು. ದೊಡ್ಡದೊಂದು ಮಾಡಿಸಿದರೆ ಕೈ ಹಾಕಿಯೇ ನೋಡಬಹುದಲ್ಲ ಎನಿಸಿತು.

ಕಾಲೇಜಿನ ಹಿಂದಿನ ಗಲ್ಲಿಯಲ್ಲಿ ಎ.ಸಿ. ಗಾಳಿ ಸಾಗಿಸುವ ಡಕ್ಟ್ ಮಾಡುವ ತಗಡಿನ ಕೆಲಸಗಾರರೊಬ್ಬರಿದ್ದರು. ಮೂವತ್ತು ಸೆಂಟಿಮೀಟರ್ ಅಗಲ, ಹನ್ನೆರಡು ಎತ್ತರ, ಎರಡೂವರೆ ಮೀಟರ್ ಉದ್ದದ ಆಯತಾಕಾರದ ಕೊಳವೆ ಬೇಕೆಂದೆ.

“ಹವಾ ಯಾವ ಕಡೆಯಿಂದ ಬರುತ್ತೆ, ಮೇಡಮ್‌ಜೀ?” ಎಂದು ಹಿಂದಿಯಲ್ಲಿ ಕೇಳಿದರು.

“ಹವಾ ಅಲ್ಲ ಭಯ್ಯಾ, ರೇಡಿಯೋ ತರಂಗ.”

ಅವರು ನಕ್ಕು ಚೀಟಿಯಲ್ಲಿ ಬರೆದುಕೊಂಡರು.

ಕೊಳವೆ ಬಂದ ದಿನ ನನ್ನ ನಾಲ್ವರು ವಿದ್ಯಾರ್ಥಿಗಳು ಅದನ್ನು ಮೇಜಿನ ಮೇಲಿಟ್ಟರು. ಅಗಲದ ಮೇಲ್ಮೈಯಲ್ಲಿ ಎರಡೂ ತುದಿಗೆ ಮೂರು ಮೂರು ತೂತು: ನಡುವೆ ಒಂದು, ಎಡಕ್ಕೆ ಒಂದು, ಬಲಕ್ಕೆ ಒಂದು. ಒಂದು ತುದಿಯ ನಡುತೂತಿನಿಂದ ಸಣ್ಣ ಕಡ್ಡಿಯಂಥ ಆಂಟೆನಾ ಇಳಿಸಿ ಸಿಗ್ನಲ್ ಕೊಡುವುದು, ಇನ್ನೊಂದು ತುದಿಯಲ್ಲಿ ಹಿಡಿದು ಯಂತ್ರದ ಪರದೆಯ ಮೇಲೆ ನೋಡುವುದು. ಲೆಕ್ಕ ಸರಳ. ತರಂಗದ ಉದ್ದದ ಅರ್ಧ ಕೊಳವೆಯ ಅಗಲಕ್ಕಿಂತ ಹೆಚ್ಚಾಗಿದ್ದರೆ ಅದು ಒಳಗೆ ಸಾಗುವುದಿಲ್ಲ. ಅಗಲ ಮೂವತ್ತಾದರೆ ಆ ಗಡಿ ಐನೂರು ಮೆಗಾಹರ್ಟ್ಜ್. ಅದೇ ಕಟಾಫ್. ಎತ್ತರ ಅಗಲವನ್ನು ಮೀರದಿದ್ದರೆ, ಎಷ್ಟಿದ್ದರೂ ಈ ಗಡಿ ಬದಲಾಗದು.

ಆ ನಾಲ್ವರಲ್ಲಿ ದೆಹಲಿಯಲ್ಲೇ ಬೆಳೆದ, ನಮ್ಮ ಕನ್ನಡದ ಕಡೆಯ ಹುಡುಗಿಯೊಬ್ಬಳು ಯಂತ್ರದ ಗುಂಡಿ ತಿರುಗಿಸುತ್ತ ಮೆಗಾಹರ್ಟ್ಜ್ ಓದತೊಡಗಿದಳು. ನಾನೂರು: ಏನೂ ಇಲ್ಲ. ನಾನೂರ ಐವತ್ತು: ಏನೂ ಇಲ್ಲ. ನಾನೂರ ಎಂಬತ್ತಕ್ಕೂ ಪರದೆ ಖಾಲಿ. ನಾನೂರ ತೊಂಬತ್ತೈದಕ್ಕೆ ಪರದೆಯ ಮೇಲೆ ಗೆರೆ ಎದ್ದು ನಿಂತಿತು.

“ಮ್ಯಾಮ್, ಯೆ ಕೈಸೇ? ಐನೂರಕ್ಕೆ ಮುಂಚೆನೇ ಬಂತು!”

ನಾನು ಯಂತ್ರವನ್ನು ಅನುಮಾನಿಸಿದೆ. ಬೇರೊಂದು ತಂದು ನೋಡಿದೆವು, ಅದೇ ಉತ್ತರ. ಇನ್ನಷ್ಟು ನಿಧಾನವಾಗಿ ತಿರುಗಿಸಿದಾಗ ಗಡಿ ಸುಮಾರು ನಾನೂರ ತೊಂಬತ್ತೆರಡಕ್ಕೆ ಬಂದು ನಿಂತಿತು. ಅವಳು ಕಾಗದದ ಮೇಲೆ ತಿರುಗಿ ಲೆಕ್ಕ ಹಾಕಿ, “ಅಗಲ ಮೂವತ್ತೂವರೆ ಇರಬೇಕು, ಮ್ಯಾಮ್,” ಎಂದಳು.

ಮರುದಿನ ತುದಿಯಲ್ಲಿ ಬಿಟ್ಟುಕೊಂಡಿದ್ದ ತಗಡಿನ ಜೋಡು ಒತ್ತಲು ಆ ಕೆಲಸಗಾರರು ಬಂದಾಗ ಅಗಲ ಎಷ್ಟೆಂದು ಕೇಳಿದೆ. ಅವರು ಟೇಪ್ ಎಳೆದು ತೋರಿಸಿದರು.

“ಬಾರಾ ಇಂಚ್. ನಮ್ಮದೆಲ್ಲ ಇಂಚಿನ ಲೆಕ್ಕ, ಮೇಡಮ್‌ಜೀ. ಮೂವತ್ತು ಅಂದ್ರೆ ಹನ್ನೆರಡೇ ಅಲ್ವಾ? ಎತ್ತರ ಪೂರಾ ಐದು.”

ಹನ್ನೆರಡು ಇಂಚು, ಮೂವತ್ತೂವರೆ ಸೆಂಟಿಮೀಟರ್. ನಾವ್ಯಾರೂ ಅಳೆಯದ ಅರ್ಧ ಸೆಂಟಿಮೀಟರನ್ನು ಕಣ್ಣಿಗೆ ಕಾಣದ ತರಂಗ ಅಳೆದು ಹೇಳಿತ್ತು. ಈ ಸೂತ್ರವನ್ನು ಎಷ್ಟು ವರ್ಷದಿಂದ ಬೋರ್ಡಿನ ಮೇಲೆ ಬರೆಯುತ್ತಿದ್ದೆನೋ, ಅದನ್ನು ನಂಬಿದ್ದು ಮಾತ್ರ ಆ ದಿನ.

“ಖಾಲಿ ಡಬ್ಬದೊಳಗೆ ಅಳೆದವರು ಯಾರು?” ಎಂದು ಕೆಲಸಗಾರರು ಬಗ್ಗಿ ಕೊಳವೆಯೊಳಗೆ ಇಣುಕಿದರು. ಹೋಗಲು ಮನಸ್ಸಾಗದೆ ಸ್ಟೂಲು ಎಳೆದುಕೊಂಡು ಕುಳಿತರು.

ಅವರ ಮುಂದೆಯೇ ಮುಂದಿನ ಪ್ರಯೋಗ. ಈಗ ಸಿಗ್ನಲನ್ನು ಬೇಕೆಂದೇ ಎಡತೂತಿನಿಂದ ಕೊಟ್ಟೆವು. ಒಂಬೈನೂರು ಮೆಗಾಹರ್ಟ್ಜ್‌ನಲ್ಲಿ ಆಚೆ ತುದಿಯಲ್ಲಿ ನೋಡಿದರೆ ಎಡಕ್ಕೂ ಬಲಕ್ಕೂ ಒಂದೇ ಮಟ್ಟದ ಸಿಗ್ನಲ್, ನಡುವೆ ಅತಿ ಹೆಚ್ಚು. ಓರೆಯಾಗಿ ನೂಕಿದ್ದನ್ನು ಕೊಳವೆ ದಾರಿಯಲ್ಲೇ ನೇರ ಮಾಡಿತ್ತು. ಏಕೆಂದರೆ ಅಲ್ಲಿ ಒಂದೇ ಮೋಡ್, ಅಂದರೆ ಅಲೆ ನಿಲ್ಲುವ ಒಂದೇ ಆಕಾರ, ಬದುಕಬಲ್ಲದು. ಉಳಿದವು ಗೇಣುದ್ದದೊಳಗೇ ಸಾಯುತ್ತವೆ.

“ಸಾವಿರದ ನೂರಕ್ಕೆ ಹೋಗೋಣವೇ?” ಎಂದೆ.

ಹುಡುಗಿ ಗುಂಡಿ ತಿರುಗಿಸಿದಳು. ಈಗ ಎಡ ಬಲ ಬೇರೆ ಬೇರೆ! ಮೊದಲ ಗಡಿಯ ಎರಡರಷ್ಟು, ಅಂದರೆ ಒಂಬೈನೂರ ಎಂಬತ್ತನಾಲ್ಕು, ದಾಟಿದ್ದರಿಂದ ಎರಡನೆಯ ಮೋಡ್ ಬದುಕಿತ್ತು. ನಡುವೆ ಶೂನ್ಯವಿದ್ದು, ಎರಡು ಬದಿಗೂ ವಿರುದ್ಧವಾಗಿ ಏಳುವ ಅಲೆ ಅದು. ಮೊದಲನೆಯದರ ಜೊತೆ ಕೂಡಿ ಒಂದು ಬದಿಯನ್ನು ಹೆಚ್ಚಿಸಿ ಇನ್ನೊಂದನ್ನು ತಗ್ಗಿಸಿತ್ತು. ಆಂಟೆನಾವನ್ನು ನಡುತೂತಿಗೆ ಸರಿಸಿದೊಡನೆ ಎಡ ಬಲ ಮತ್ತೆ ಸಮವಾದವು. ಶೂನ್ಯವಿರುವಲ್ಲಿಂದ ಆ ಅಲೆಯನ್ನು ಎಬ್ಬಿಸಲು ಸಾಧ್ಯವಿಲ್ಲ.

ಕೆಲಸಗಾರರು ತಾವು ಬಾಗಿಸಿದ ತಗಡಿನ ಮೇಲೆ ಅಂಗೈ ಇಟ್ಟು ಕುಳಿತಿದ್ದರು.

“ಹತ್ತು ಇಂಚಿಂದು ಮಾಡಿಕೊಟ್ಟರೆ?” ಎಂದು ಮೆಲ್ಲಗೆ ಕೇಳಿದರು.

ಹುಡುಗಿ ಲೆಕ್ಕ ಹಾಕಿದಳು. “ಐನೂರ ತೊಂಬತ್ತರವರೆಗೂ ಬಾಗಿಲು ಬಂದ್, ಅಂಕಲ್.”

“ಅಚ್ಛಾ,” ಎಂದವರು ಅವಳ ಕೈಲೇ ಆ ಸಂಖ್ಯೆಯನ್ನು ಚೀಟಿಯ ಮೇಲೆ ಬರೆಸಿಕೊಂಡು ಹೊರಟರು.