ಫ್ರಿಜ್ಜಿನ ಕಾವಲು

ಗೋಕಾಕದಿಂದ ಮೂಡಲಗಿಯ ಹೊಸ ಮನೆಗೆ ಬರುವಾಗ, ನಿಲ್ಲಿಸಿ ತನ್ನಿರೆಂದು ನಾನು ಬಾಯಿ ಬಡಿದುಕೊಂಡರೂ ನನ್ನ ಗಂಡ ಫ್ರಿಜ್ಜನ್ನು ಟೆಂಪೋದಲ್ಲಿ ಅಡ್ಡ ಮಲಗಿಸಿಯೇ ತಂದರು. ಇಳಿಸಿ ನಿಲ್ಲಿಸುತ್ತಲೇ ಅತ್ತೆ ಅದಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದರು.

"ಪೂಜಿ ಆದಮ್ಯಾಲೆ ಮಷಿನ್ ಬಂದ್ ಇಡಬಾರ್ದು. ಚಾಲೂ ಮಾಡವ್ವಾ," ಎಂದರು.

"ಮಲಗಿಸಿದಾಗ ಕಂಪ್ರೆಸರ್‌ನ ಎಣ್ಣಿ ಪೈಪಿಗೆ ಹರದಿರತೈತ್ರಿ, ಅತ್ತಿ. ಅದು ತಿರುಗಿ ಇಳಿಯೂಕಿಂತ ಮೊದಲ ಚಾಲೂ ಮಾಡಿದ್ರ ಕಂಪ್ರೆಸರ್ ಕೆಡತೈತಿ. ನಾಳಿತನಕ ಹಂಗ ನಿಂದರಲಿ."

ಅತ್ತೆ ಕೇಳುವವರಲ್ಲ. ನಾನು ನೀರಿಗೆಂದು ಎದ್ದರೂ ಸಾಕು, ಪ್ಲಗ್ಗಿಗೆ ಕೈ ಹಾಕುತ್ತಿದ್ದರು. ಅದನ್ನು ಮುಷ್ಟಿಯಲ್ಲಿ ಹಿಡಿದು, ಬಿಚ್ಚದ ಗಂಟುಗಳ ನಡುವೆ ಅಡುಗೆಮನೆಯ ಮೂಲೆಯಲ್ಲೇ ಕುಳಿತೆ. ಗಂಡ ಪೇಟೆ ಸುತ್ತಲು ಹೋದರು.

ಸಂಜೆಯಾದರೂ ಹೊಸ ಮನೆಯ ಉಳಿದ ಕೋಣೆಗಳನ್ನು ನಾನಿನ್ನೂ ನೋಡಿರಲಿಲ್ಲ.